ಮೆನಿಯರ್ ತಲೆಸುತ್ತು: ಕಿವಿಗೆ ಸ್ಟೀರಾಯ್ಡೋ, ಜೆಂಟಾಮೈಸಿನ್ನೋ?

ಮೆನಿಯರ್ ಎಂದರೆ ಪದೇ ಪದೇ ತಲೆಸುತ್ತು ತರುವ ಒಳಕಿವಿಯ ಕಾಯಿಲೆ. ಉಪ್ಪು ತಗ್ಗಿಸಲು ಉಪ್ಪಿನಕಾಯಿ, ಹಪ್ಪಳ ಬಿಟ್ಟು, ಬೀಟಾಹಿಸ್ಟಿನ್ ಮಾತ್ರೆ ನುಂಗಿದರೂ ತಲೆಸುತ್ತು ನಿಲ್ಲದಿದ್ದಾಗ ಈ ಪ್ರಶ್ನೆ ಬರುತ್ತದೆ. ಎರಡನ್ನೂ ಕಿವಿಯ ತಮಟೆ ಮೂಲಕ ಸೂಜಿಯಿಂದಲೇ ಹಾಕುತ್ತಾರೆ. ಕೆಲಸ ಮಾತ್ರ ಬೇರೆ.

ಜೆಂಟಾಮೈಸಿನ್ ಒಳಕಿವಿಯ ಸಮತೋಲನದ ಕೋಶಗಳನ್ನೇ ಸಾಯಿಸುತ್ತದೆ. ತಪ್ಪು ಸುದ್ದಿ ಕಳಿಸುವ ತಂತಿ ಕತ್ತರಿಸಿದಂತೆ ಅಲ್ವಾ! ಆಮೇಲೆ ಕೆಲವು ವಾರ ನಡಿಗೆ ತೂರಾಡಬಹುದು. ಮಿದುಳು ನಿಧಾನಕ್ಕೆ ಹೊಂದಿಕೊಳ್ಳುತ್ತದೆ, ವಯಸ್ಸಾದವರಲ್ಲಿ ಇನ್ನೂ ನಿಧಾನ. ಕೇಳುವ ಶಕ್ತಿಯೂ ಕುಗ್ಗಬಹುದು. ಸ್ಟೀರಾಯ್ಡ್ ಕೋಶಗಳನ್ನು ಕೊಲ್ಲುವುದಿಲ್ಲ, ಆದರೆ ಪದೇ ಪದೇ ಹಾಕಿಸಬೇಕಾಗಬಹುದು.

2016ರ ಲಂಡನ್ ಪ್ರಯೋಗದಲ್ಲಿ ಎರಡೂ ಔಷಧಿಗಳು ತಲೆಸುತ್ತನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿಸಿದವು. ಹಾಗಾಗಿ ಕಿವಿ ಇನ್ನೂ ಚೆನ್ನಾಗಿ ಕೇಳುತ್ತಿದ್ದರೆ, ಅಥವಾ ಎರಡೂ ಕಿವಿಗೆ ತೊಂದರೆಯಿದ್ದರೆ, ಸ್ಟೀರಾಯ್ಡ್ ಕಡೆಗೇ ನನ್ನ ಒಲವು. ಆ ಕಿವಿ ಆಗಲೇ ಬಹುತೇಕ ಕೇಳಿಸದೆ, ತಲೆಸುತ್ತು ಸ್ಟೀರಾಯ್ಡಿಗೂ ಜಗ್ಗದಿದ್ದರೆ ಜೆಂಟಾಮೈಸಿನ್.