ಹಳೇ ಗ್ರಾಹಕರಿಗೆ ಜಾಹೀರಾತು ಬೇಡ ಅಂದ ಎರಡು ವರ್ಷ: ಮೆಟಾ ಕಸ್ಟಮರ್ ಲಿಸ್ಟ್ ಬಳಸಿದ ಅನುಭವ

ನಮ್ಮದು ಮೈಸೂರಿನಲ್ಲಿ ಗಾಣದ ಎಣ್ಣೆಯ ವ್ಯಾಪಾರ. ಅರ್ಧಕ್ಕಿಂತ ಜಾಸ್ತಿ ಆರ್ಡರ್ ಆನ್‌ಲೈನಲ್ಲೇ ಬರುತ್ತದೆ. ಹೊಸಬರಿಗೆ ಮೊದಲ ಆರ್ಡರ್ ಮೇಲೆ ಶೇ. 15 ರಿಯಾಯಿತಿ ಕೊಡುತ್ತೇವೆ. ಆ ಜಾಹೀರಾತು ಹಳೇ ಗ್ರಾಹಕರಿಗೂ ಕಾಣುತ್ತಿತ್ತು. 'ಮೂರು ವರ್ಷದಿಂದ ತಗೋತಿರೋ ನಮಗಿಲ್ಲದ ರಿಯಾಯಿತಿ ಹೊಸಬರಿಗೆ ಯಾಕೆ?' ಅಂತ ಒಬ್ಬರು ಫೋನ್ ಮಾಡಿ ಕೇಳಿದರು. ಕೇಳಿದ್ದು ನ್ಯಾಯವೇ. ಅವತ್ತೇ ಗ್ರಾಹಕರ ಪಟ್ಟಿಯನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ನಡೆಸುವ ಮೆಟಾಗೆ ಅಪ್‌ಲೋಡ್ ಮಾಡಿ, ಅವರಿಗೆ ಕಾಣಬಾರದು ಅಂತ ಅದನ್ನು ಜಾಹೀರಾತಿನ Exclude ಜಾಗದಲ್ಲಿ ಹಾಕಿದೆ.

ಮೊದಲ ವಾರ ಏನೂ ಬದಲಾಗಲಿಲ್ಲ. ತಪ್ಪು ನನ್ನ ಪಟ್ಟಿಯದೇ. ನಾವು ಬರೆದಿಟ್ಟುಕೊಂಡಿದ್ದು 10 ಅಂಕಿಯ ಮೊಬೈಲ್ ನಂಬರ್. ಆದರೆ ಮೆಟಾ ಅದನ್ನು ತನ್ನ ಬಳಕೆದಾರರ ಜೊತೆ ಹೊಂದಿಸಿ ನೋಡಬೇಕಾದರೆ ದೇಶದ ಕೋಡ್ 91 ಸೇರಿ 12 ಅಂಕಿ ಇರಬೇಕು. ಸರಿ, ಎಕ್ಸೆಲ್‌ನಲ್ಲಿ ಎಲ್ಲದಕ್ಕೂ ಮುಂದೆ 91 ಸೇರಿಸಿ ಸೇವ್ ಮಾಡಿದೆ. ಆಗಲೂ ಹೊಂದಲಿಲ್ಲ. ಸಿಎಸ್‌ವಿ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದಾಗ ಕಂಡಿದ್ದು ಇದು:

```
phone
9.19845E+11
9.19448E+11
```

12 ಅಂಕಿಯ ಸಂಖ್ಯೆಯನ್ನು ಎಕ್ಸೆಲ್ ತಾನಾಗಿಯೇ ಹೀಗೆ ಮೊಟಕು ಮಾಡುತ್ತದೆ. ಸಿಎಸ್‌ವಿ ಆಗಿ ಸೇವ್ ಮಾಡಿದರೆ ಫೈಲಿಗೆ ಹೋಗುವುದೂ ಅದೇ. ಆ ಕಾಲಮ್ಮನ್ನು ಮೊದಲೇ Text ಮಾಡಿಟ್ಟುಕೊಂಡು, ಆಮೇಲೆ ನಂಬರ್ ತುಂಬಬೇಕು. ಈಗಲೂ ಅಪ್‌ಲೋಡಿಗೆ ಮುಂಚೆ ಒಂದು ಸಲ ನೋಟ್‌ಪ್ಯಾಡಿನಲ್ಲಿ ನೋಡದೆ ಕಳಿಸುವುದಿಲ್ಲ.

ಪಟ್ಟಿ ಸರಿಯಾದ ಮೇಲೆ ಇನ್ನೊಂದು ಗಾಬರಿ. ಒಂದು ಆರ್ಡರಿಗೆ ತಗಲುತ್ತಿದ್ದ ಜಾಹೀರಾತು ಖರ್ಚು 192 ರೂಪಾಯಿಯಿಂದ 267ಕ್ಕೆ ಏರಿತು. ನಿಲ್ಲಿಸಿಬಿಡೋಣ ಅಂದುಕೊಂಡೆ. ಆಮೇಲೆ ನಮ್ಮ ಲೆಕ್ಕದ ಪುಸ್ತಕ ಇಟ್ಟುಕೊಂಡು ಕೂತೆ. ಮೊದಲು ತಿಂಗಳಿಗೆ 48,000 ಖರ್ಚಿಗೆ 250 ಆರ್ಡರ್ ಅಂತ ತೋರಿಸುತ್ತಿತ್ತು. ಅದರಲ್ಲಿ 100 ಹಳಬರದ್ದು. ಅಂದರೆ ಹೊಸಬರು 150 ಜನ, ಒಬ್ಬರಿಗೆ ನಿಜವಾಗಿ ಬಿದ್ದ ಖರ್ಚು 320. ಈಗ ಅದೇ ದುಡ್ಡಿಗೆ 180 ಹೊಸಬರು. ಪರದೆ ಮೇಲೆ ಖರ್ಚು ಏರಿದ ಹಾಗೆ ಕಂಡರೂ ನಿಜದಲ್ಲಿ ಇಳಿದಿತ್ತು. ಇಷ್ಟಕ್ಕೇ ಖುಷಿಪಟ್ಟು ಎಂಟು ತಿಂಗಳು ಹಾಗೇ ಬಿಟ್ಟೆ.

ಪೆಟ್ಟು ಬಿದ್ದಿದ್ದು ಅಲ್ಲೇ. ವರ್ಷದ ಲೆಕ್ಕ ತೆಗೆದಾಗ, ಹಳಬರ ಮರು ಆರ್ಡರ್ ತಿಂಗಳಿಗೆ 430 ಇದ್ದದ್ದು 345ಕ್ಕೆ ಇಳಿದಿತ್ತು. ಹೊಸಬರು 30 ಹೆಚ್ಚಿದರು, ಹಳಬರ ಕಡೆ 85 ಹೋಯಿತು. ಜಾಹೀರಾತಿನ ಪರದೆಯಲ್ಲಿ ಇದರ ಸುಳಿವೇ ಇರಲಿಲ್ಲ. ಹೊರಗಿಟ್ಟವರ ಲೆಕ್ಕ ಅಲ್ಲಿ ಯಾಕೆ ಬರುತ್ತದೆ, ಅಲ್ವಾ? ಬಿಟ್ಟುಹೋದ ಇಪ್ಪತ್ತು ಜನರಿಗೆ ನಾನೇ ಫೋನ್ ಮಾಡಿದೆ. ಕುವೆಂಪುನಗರದ ಒಬ್ಬ ಅಮ್ಮ ಹೇಳಿದರು: 'ಎಣ್ಣೆ ಏನೋ ಚೆನ್ನಾಗೇ ಇತ್ತು ಕಣಪ್ಪ. ಮುಗಿದಾಗ ಫೋನಲ್ಲಿ ಬೇರೆಯವರದ್ದು ಕಾಣಿಸ್ತು, ತಗೊಂಡ್ವಿ. ನಿಮ್ದು ಈಗೀಗ ಕಾಣೋದೇ ಇಲ್ವಲ್ಲ, ಅಂಗಡಿ ಮುಚ್ಚಿಬಿಟ್ರೇನೋ ಅಂದ್ಕೊಂಡೆ.' ಉಳಿದವರಲ್ಲೂ ಹೆಚ್ಚಿನವರು ಹೇಳಿದ್ದು ಇದನ್ನೇ.

ಮದುವೆ ಸೀರೆಯಂಥ ಸಾಮಾನಿಗೆ ಹಳಬರನ್ನು ಹೆಚ್ಚು ಕಾಲ ಹೊರಗಿಟ್ಟರೂ ನಡೆದೀತು. ಎಣ್ಣೆ ಹಾಗಲ್ಲ, ಮುಗಿಯುತ್ತದೆ. ನಾಲ್ಕು ಜನರ ಮನೆಗೆ 5 ಲೀಟರ್ ಡಬ್ಬ 45ರಿಂದ 50 ದಿನ ಬರುತ್ತದೆ ಅಂತ ನಮ್ಮ ಆರ್ಡರ್ ತಾರೀಖುಗಳೇ ಹೇಳುತ್ತಿದ್ದವು. ಈಗ 40 ದಿನದೊಳಗೆ ಕೊಂಡವರಿಗೆ ಮೆಟಾದಲ್ಲಿ ನಮ್ಮ ಯಾವ ಜಾಹೀರಾತೂ ಇಲ್ಲ. 40 ದಾಟಿದವರಿಗೆ ಹೊಸಬರ ರಿಯಾಯಿತಿ ಕಾಣುವುದಿಲ್ಲ, ಅದರ ಬದಲು 'ಡಬ್ಬ ಖಾಲಿ ಆಯ್ತಾ?' ಅನ್ನುವ ಬೇರೆ ಜಾಹೀರಾತು. ಪ್ರತಿ ಸೋಮವಾರ ಎರಡೂ ಪಟ್ಟಿಯನ್ನು ಹೊಸದಾಗಿ ಹಾಕುತ್ತೇನೆ. ಇಲ್ಲಿ ಹುಷಾರಾಗಿರಬೇಕು: ಹಳೇ ಪಟ್ಟಿಗೆ ಬರೀ ಸೇರಿಸುತ್ತಾ ಹೋದರೆ 40 ದಿನ ದಾಟಿದವರು ಅದರಲ್ಲೇ ಉಳಿದುಬಿಡುತ್ತಾರೆ. ಪೂರ್ತಿ ಪಟ್ಟಿಯನ್ನೇ ಬದಲಿಸಬೇಕು. ಐದು ತಿಂಗಳಲ್ಲಿ ಮರು ಆರ್ಡರ್ 410ಕ್ಕೆ ಬಂದಿದೆ.

ಗೂಗಲ್ ಸರ್ಚಿನಲ್ಲೂ ಇದೇ ಪಟ್ಟಿಯನ್ನು ಹೊರಗಿಟ್ಟಿದ್ದೆ. ನಮ್ಮ ಅಂಗಡಿಯ ಹೆಸರನ್ನೇ ಹುಡುಕುವವರಿಗೆ ಹಾಗೆ ಮಾಡಬಾರದಿತ್ತು. ಹಳೇ ಗ್ರಾಹಕರೊಬ್ಬರ ಫೋನಿನಲ್ಲಿ ನಮ್ಮ ಹೆಸರು ಟೈಪ್ ಮಾಡಿದರೆ ಮೇಲ್ಗಡೆ ಬಂದಿದ್ದು ಇನ್ನೊಬ್ಬರ ಜಾಹೀರಾತು. ಅದನ್ನು ಅವತ್ತೇ ತೆಗೆದೆ.

ಈ ಕಸ್ಟಮರ್ ಲಿಸ್ಟಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದಿದ್ದು ಮನೆಮಂದಿಯ ಸಮಸ್ಯೆಗೆ. ಬೆಂಗಳೂರಿನ ಮಗ ತನ್ನ ನಂಬರಿನಿಂದ ಶಿವಮೊಗ್ಗದ ತಾಯಿಗೆ ಎಣ್ಣೆ ಕಳಿಸುತ್ತಾನೆ. ಪಟ್ಟಿಯಲ್ಲಿರುವುದು ಮಗ, ಹೊಸಬರ ಜಾಹೀರಾತು ಕಾಣುವುದು ತಾಯಿಗೆ. ಅಂಥವರು ಆ ಕೂಪನ್ ಹಾಕಿ ಆರ್ಡರ್ ಮಾಡಿದರೆ ನಾವು ಸುಮ್ನೆ ಕೊಟ್ಟುಬಿಡುತ್ತೇವೆ.