ಗಂಡಿನ ಉಂಗುರ ಗೆಣ್ಣಲ್ಲೇ ನಿಂತೋಯ್ತು: ಏಸಿ ಶೋರೂಮಲ್ಲಿ ಬೆರಳಳತೆ ಕೊಡೋರು ಇದನ್ನ ಓದಿ

ಮದುವೆ ಸೀಸನ್ನು, ಎಷ್ಟೋ ಜನ ಈಗ ಉಂಗುರ ಆರ್ಡರ್ ಕೊಡ್ತಿರ್ತೀರ ಅಂತ ಬರೀತಿದೀನಿ. ಅಂಗಡಿ ಹೆಸರು ಹಾಕಲ್ಲ, ಬೆಂಗಳೂರಲ್ಲಿರೋ ದೊಡ್ಡ ಶೋರೂಮು ಅಷ್ಟು ಸಾಕು. ಇನ್ನೂ ಸಿಟ್ಟು ಇಳಿದಿಲ್ಲ, ಹಿಂದೆ ಮುಂದೆ ಆದ್ರೆ ಅಡ್ಜಸ್ಟ್ ಮಾಡ್ಕೊಳಿ.

ನಮ್ಮ ತಂಗಿ ನಿಶ್ಚಿತಾರ್ಥ ಬಳ್ಳಾರೀಲಿ, ಮೇ ತಿಂಗಳು. ಗಂಡಿನ ಉಂಗುರ ನಮ್ಮ ಕಡೇದು, ಹುಡುಗ ಬೆಂಗಳೂರಲ್ಲೇ ಕೆಲಸ ಮಾಡೋದ್ರಿಂದ ಜನವರೀಲೇ ಅಳತೆ ಕೊಟ್ಬಿಡೋಣ ಅಂತ ಶೋರೂಮಿಗೆ ಕರ್ಕೊಂಡು ಹೋದೆ. ಬೆಳಿಗ್ಗೆ ಬಾಗಿಲು ತೆಗೀತಿದ್ದಂಗೇ ಹೋಗಿದ್ವಿ, ಅವನು ಆ ಚಳೀಲಿ ಬೈಕಲ್ಲಿ ಬಂದಿದ್ದ, ಕೈ ಮುಟ್ಟಿದ್ರೆ ಐಸು, ಒಳಗೆ ಬೇರೆ ಫುಲ್ ಏಸಿ. ಸೇಲ್ಸ್ ಹುಡುಗ ಅಳತೆ ಬಳೆಗಳ ಗೊಂಚಲು ತಗೊಂಡ, ಗೊತ್ತಲ್ಲ, ಕೀ ಬಂಚ್ ಥರ ತೆಳ್ಳಗಿನ ರಿಂಗುಗಳು ಇರುತ್ತಲ್ಲ ಅದು. 20 ನಂಬರ್ ಹಾಕಿದ, ಬುಡಕ್ಕೆ ಹೋಗಿ ಕೂತ್ಕೊಂತು, "ಪರ್ಫೆಕ್ಟ್ ಫಿಟ್ ಸರ್" ಅಂದ, ಬರ್ಕೊಂಡ, ಮುಗೀತು. ತೆಗೆಯುವಾಗ ಗೆಣ್ಣಲ್ಲಿ ತಿರುಗಿಸಿ ತಿರುಗಿಸಿ ಎಳೆದಿದ್ದು ನಾನೇ ನೋಡಿದೀನಿ. "ಸ್ವಲ್ಪ ಟೈಟ್ ಅಲ್ವಾ" ಅಂತ ಕೇಳಿದ್ದಕ್ಕೆ, "ಮೇಡಂ, ಜೆಂಟ್ಸಿಗೆ ಹಂಗೇ ಇರ್ಬೇಕು, ಲೂಸ್ ಆದ್ರೆ ಕಳ್ಕೊಂತಾರೆ" ಅಂದ. ಇಪ್ಪತ್ತನಾಕು ಗಂಟೆ ಅದೇ ಕೆಲಸ ಮಾಡೋನು ಹಂಗಂದ್ರೆ ಯಾರು ನಂಬಲ್ಲ ಹೇಳಿ?

ಹುಡುಗ ಕಾಲೇಜಲ್ಲಿ ವಾಲಿಬಾಲ್ ಆಡ್ತಿದ್ದವನು, ಗೆಣ್ಣು ದಪ್ಪ, ಬೆರಳ ಬುಡ ಸಣ್ಣ. ಬರಿಗಣ್ಣಿಗೆ ಕಾಣುತ್ತೆ. ಅದರ ಮೇಲೆ ನಾವು ಆರಿಸಿದ್ದು 8 ಮಿಲಿಮೀಟರ್ ಅಗಲದ ಉಂಗುರ, ಸುತ್ತಲೂ ಕಲ್ಲು. ಅಳತೆ ನೋಡಿದ್ದು ಕಡ್ಡಿಯಷ್ಟು ತೆಳು ರಿಂಗಲ್ಲಿ. ಅಗಲ ಪಟ್ಟಿ ಒಳಗೆ ಚರ್ಮ ಆಕಡೆ ಈಕಡೆ ಸರಿಯೋಕೆ ಜಾಗ ಇರಲ್ಲ, ಗೆಣ್ಣು ದಾಟುವಾಗ ಚರ್ಮ ಎಲ್ಲಾ ಮಡಚ್ಕೊಂಡು ಮುಂದೆ ಗುಡ್ಡೆ ಬೀಳುತ್ತೆ, ಹಂಗಾಗಿ ಅದೇ ನಂಬರ್ ಆದ್ರೂ ಟೈಟ್ ಆಗುತ್ತೆ. ಅಗಲ ಉಂಗುರಕ್ಕೆ ಒಂದು ನಂಬರ್ ಜಾಸ್ತಿ ಹಾಕ್ಬೇಕು ಅನ್ನೋದು ಚಿನ್ನದ ಕೆಲಸ ಗೊತ್ತಿರೋರಿಗೆಲ್ಲಾ ಗೊತ್ತಂತೆ. ಇವರಿಗೆ ಮಾತ್ರ ಗೊತ್ತಿಲ್ಲ. ಅಥವಾ ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ನಿಶ್ಚಿತಾರ್ಥದ ದಿನ ಏನಾಯ್ತು ಅಂತ ಬರೆಯೋಕೇ ಮುಜುಗರ. ಬಳ್ಳಾರಿ ಮೇ ಬಿಸಿಲು ಗೊತ್ತಲ್ಲ, ಛತ್ರದಲ್ಲಿ ಫ್ಯಾನು ಬಿಸಿಗಾಳೀನೇ ತಿರುಗಿಸ್ತಿತ್ತು, ಹುಡುಗ ಬೆಳಿಗ್ಗೆಯಿಂದ ಕೈ ಇಳಿಬಿಟ್ಕೊಂಡು ನಿಂತು ನಿಂತು ಬೆರಳು ಊದ್ಕೊಂಡಿದೆ. ತಂಗಿ ಉಂಗುರ ಹಾಕ್ತಾಳೆ, ಗೆಣ್ಣಿಗೆ ಬಂದು ನಿಂತೋಯ್ತು. ಫೋಟೋಗ್ರಾಫರ್ ಬೇರೆ "ಪುಷ್ ಮಾಡಿ ಮೇಡಂ, ಪುಷ್ ಮಾಡಿ" ಅಂತಾನೆ. ಎಲ್ಲರೂ ನಗ್ತಿದಾರೆ. ಬೀಗಿತ್ತಿ ಪಕ್ಕದೋರ ಹತ್ರ, "ಒಂದ್ ಗ್ರಾಂ ಉಳಿಸೋಕ್ ಹೋದ್ರೇನೋ" ಅಂದಿದ್ದು ನಮ್ಮಮ್ಮನಿಗೆ ಕೇಳಿಸ್ತು. ಅಮ್ಮ ಆಮೇಲೆ ಊಟಕ್ಕೇ ಕೂರಲಿಲ್ಲ. ಅಷ್ಟರಲ್ಲಿ ಅವರ ಮಾವ ಯಾರೋ ಸೋಪ್ ನೀರು ಹಚ್ಚಿ ಒಂದೇ ಸಲಕ್ಕೆ ಒಳಗೆ ತಳ್ಳಿಬಿಟ್ರು, ಚಪ್ಪಾಳೆ. ಮಧ್ಯಾಹ್ನ ಊಟದ ಹೊತ್ತಿಗೆ ಬೆರಳು ನೇರಳೆ ಬಣ್ಣ, ಉಂಗುರ ತೆಗೆಯೋಕೆ ಬರ್ತಿಲ್ಲ. ಐಸ್ ಇಟ್ವಿ, ಎಣ್ಣೆ ಹಚ್ಚಿದ್ವಿ, ಏನೂ ಆಗಲಿಲ್ಲ.

ಕೊನೆಗೆ ಅಲ್ಲೇ ಪೇಟೇಲಿ ಒಬ್ಬ ವಯಸ್ಸಾದ ಆಚಾರ್ ಹತ್ರ ಕರ್ಕೊಂಡು ಹೋದ್ವಿ. ಅವರು ಮೊದಲು ಕೈ ಮೇಲೆತ್ತಿ ಹಿಡಿಸಿ ಕೂರಿಸಿದ್ರು. ಆಮೇಲೆ ಹೊಲಿಗೆ ದಾರದ ಒಂದು ತುದಿ ಉಂಗುರದ ಅಡಿಯಿಂದ ಅಂಗೈ ಕಡೆಗೆ ತೂರಿಸಿ, ಉಳಿದ ದಾರಾನ ಉಂಗುರಕ್ಕೆ ಅಂಟಿದಂಗೆ ಒತ್ತೊತ್ತಾಗಿ ಗೆಣ್ಣು ದಾಟೋವರೆಗೂ ಬೆರಳಿಗೆ ಸುತ್ತಿದ್ರು. ಅಂಗೈ ಕಡೆ ಇದ್ದ ತುದಿ ಹಿಡಿದು ಬಿಚ್ತಾ ಬಂದ್ರೆ ಉಂಗುರ ದಾರದ ಮೇಲೆ ಒಂದೊಂದೇ ಸುತ್ತು ಮುಂದೆ ಸರಿದು ಆಚೆ ಬಂತು. ಹುಡುಗನ ಕಣ್ಣಲ್ಲಿ ನೀರು. ಬೆರಳು ಮರಗಟ್ಟಿದ್ರೆ ಇದಕ್ಕೆಲ್ಲ ಕಾಯ್ಬೇಡಿ, ಆಸ್ಪತ್ರೆಗೆ ಹೋಗಿ ಕಟ್ ಮಾಡಿಸ್ಬಿಡಿ ಅಂತಾನೂ ಅಂದ್ರು.

ಶೋರೂಮಿಗೆ ಫೋನ್ ಮಾಡಿದೆ. ಬಂದ ಉತ್ತರ ಕೇಳಿ. "ಮೇಡಂ, ಅಳತೆ ಕಸ್ಟಮರ್ರೇ ಓಕೆ ಮಾಡಿ ಸೈನ್ ಹಾಕಿದಾರೆ." ಸರಿ, ದೊಡ್ಡದು ಮಾಡ್ಕೊಡಿ ಅಂದೆ. "ಫುಲ್ ಸ್ಟೋನ್ ಮೇಡಂ, ರೀಸೈಜ್ ಆಗಲ್ಲ." ಅದಾದ್ರೂ ನಿಜ, ಸುತ್ತ ಕಲ್ಲಿದ್ರೆ ಎಲ್ಲಿ ಕಟ್ ಮಾಡಿ ಎಲ್ಲಿ ಚಿನ್ನ ಸೇರಿಸ್ತಾರೆ, ಹಿಗ್ಗಿಸಿದ್ರೆ ಕಲ್ಲು ಉದುರುತ್ತೆ. ಆದ್ರೆ ಇದನ್ನ ಆರ್ಡರ್ ತಗೊಳ್ಳುವಾಗ ಹೇಳ್ಬೇಕೋ ಬೇಡ್ವೋ? ಎಕ್ಸ್‌ಚೇಂಜ್ ಮಾಡಿದ್ರೆ ಚಿನ್ನದ ತೂಕಕ್ಕೆ ಮಾತ್ರ ದುಡ್ಡಂತೆ, ಮೇಕಿಂಗ್ ಚಾರ್ಜೂ ಹೋಯ್ತು, ಕಲ್ಲಿನ ದುಡ್ಡೂ ಹೋಯ್ತು. ಮ್ಯಾನೇಜರ್ ಲೈನಿಗೆ ಬಂದು ಹೇಳಿದ್ದು ಕೇಳಿದ್ರೆ ನಿಮಗೂ ಉರಿಯುತ್ತೆ: "ಮೇಡಂ, ಉಂಗುರ ಚೇಂಜ್ ಆಗಿಲ್ಲ, ಅವರ ಬೆರಳು ಚೇಂಜ್ ಆಗಿದೆ." ಬೆರಳು ಚೇಂಜ್ ಆಗುತ್ತೆ ಸ್ವಾಮಿ! ಎಲ್ಲರ ಬೆರಳೂ ಆಗುತ್ತೆ! ಚಳೀಲಿ ಸಣ್ಣ ಆಗುತ್ತೆ, ಸೆಕೇಲಿ ಊದುತ್ತೆ, ಅದನ್ನ ಲೆಕ್ಕ ಹಾಕೋಕೇ ಅಲ್ವಾ ನೀವು ಅಲ್ಲಿ ಕೂತಿರೋದು?

ಅದೇ ಆಚಾರ್ ಸಂಜೆ, ಊತ ಇಳಿದ್ಮೇಲೆ ಮತ್ತೆ ಬರೋಕೆ ಹೇಳಿ ಅಳತೆ ತಗೊಂಡ್ರು. ಗೆಣ್ಣಿಗೊಂದು, ಬುಡಕ್ಕೊಂದು, ಬೇರೆ ಬೇರೆ. ಗೆಣ್ಣು 63 ಮಿಲಿಮೀಟರ್ ಸುತ್ತಳತೆ, ಬುಡ 60. ನಮ್ಮ ಕಡೆ ನಂಬರ್ ಲೆಕ್ಕ ಸಿಂಪಲ್ಲು, ಸುತ್ತಳತೇಲಿ 40 ಕಳೆದ್ರೆ ಹತ್ತಿರ ಹತ್ತಿರ ಅದೇ ನಂಬರ್. ಅಂದ್ರೆ ಬುಡಕ್ಕೆ 20, ಗೆಣ್ಣಿಗೆ 23. ಒಂದು ನಂಬರ್‌ಗೂ ಇನ್ನೊಂದಕ್ಕೂ ಸುತ್ತಳತೇಲಿ ಒಂದೇ ಮಿಲಿಮೀಟರ್ ವ್ಯತ್ಯಾಸ, ಸ್ವಲ್ಪ ಊದಿದ್ರೂ ಸಾಕು, ಲೆಕ್ಕ ತಪ್ಪುತ್ತೆ. ಗೆಣ್ಣಿಗೆ ಸರಿಯಾಗಿ 23 ಮಾಡಿದ್ರೆ ಬುಡದಲ್ಲಿ ಗರಗರ ತಿರುಗುತ್ತೆ, 20 ಮಾಡಿದ್ರೆ ನಮ್ಮ ಕಥೆ. ಅವರು 22 ಮಾಡಿದ್ರು, ಅದೂ 4 ಮಿಲಿಮೀಟರ್ ಪಟ್ಟಿ, ಅಂಗೈ ಕಡೆ ಪ್ಲೇನ್. ಒಳಗಡೆ ಕೆಳಭಾಗದಲ್ಲಿ ಎರಡು ಸಣ್ಣ ಚಿನ್ನದ ಗುಂಡು ಬೆಸುಗೆ ಹಾಕಿದ್ರು, ಗೆಣ್ಣು ದಾಟಿದ್ಮೇಲೆ ಆ ಗುಂಡು ಬೆರಳಿಗೆ ಮೆತ್ತಗೆ ಒತ್ಕೊಂಡು ಉಂಗುರ ತಿರುಗದಂಗೆ ಹಿಡ್ಕೊಳುತ್ತೆ. ಇಂಥದ್ದೊಂದು ಇದೆ ಅಂತಾನೇ ನಂಗೆ ಗೊತ್ತಿರಲಿಲ್ಲ.

ನೀವು ಹೋದ್ರೆ ಸಂಜೆ ಹೋಗಿ, ಏಸೀಲಿ ಸ್ವಲ್ಪ ಹೊತ್ತು ಕೂತು ತಣ್ಣಗಾಗಿ ಆಮೇಲೆ ಕೈ ಕೊಡೋದಲ್ಲ, ಹೊರಗಿಂದ ಬಂದ ತಕ್ಷಣ ಕೊಡಿ. ಅಗಲ ಉಂಗುರ ಬೇಕಂದ್ರೆ ಅಷ್ಟೇ ಅಗಲದ ರೆಡಿ ಪೀಸ್ ಹಾಕಿಸಿ ನೋಡಿ, ಗೊಂಚಲಿನ ತೆಳು ರಿಂಗ್ ನಂಬ್ಬೇಡಿ. ಹಾಕೋದು ಯಾರಾದ್ರೂ ಹಾಕ್ತಾರೆ, ತೆಗೆಯೋದು ನೋಡಿ: ಗೆಣ್ಣಲ್ಲಿ ಸ್ವಲ್ಪ ಚರ್ಮ ಸುಕ್ಕಾಗಿ ಬಂದ್ರೆ ಸರಿ, ನೋವಾದ್ರೆ ಚಿಕ್ಕದು. ಮನೇಲಿ ದಾರ ಸುತ್ತಿ ಅಳತೆ ತಗೊಂಡು ಹೋಗೋರು ಬುಡಕ್ಕೆ ಮಾತ್ರ ಸುತ್ತಿರ್ತೀರ, ಗೆಣ್ಣಿಗೂ ಸುತ್ತಿ. ದಾರ ಹಿಗ್ಗುತ್ತೆ, ಪೇಪರ್ ಪಟ್ಟಿ ವಾಸಿ. "ಹಂಗೇ ಇರ್ಬೇಕು ಮೇಡಂ" ಅಂದ್ರೆ ಸೈನ್ ಹಾಕ್ಬೇಡಿ, ರೀಸೈಜ್ ಆಗುತ್ತೋ ಇಲ್ವೋ ಬಿಲ್ಲಲ್ಲೇ ಬರೆಸ್ಕೊಳಿ.

ಆ ಕಲ್ಲಿನ ಉಂಗುರ ಇನ್ನೂ ಡಬ್ಬೀಲೇ ಇದೆ. ಶನಿವಾರ ಬಿಲ್ ತಗೊಂಡು ಹೋಗ್ತಿದೀನಿ, ಮೇಕಿಂಗ್ ಚಾರ್ಜಲ್ಲಿ ಅರ್ಧ ಆದ್ರೂ ವಾಪಸ್ ಕೊಡ್ಲೇಬೇಕು. ಯಾರಾದ್ರೂ ಇಂಥದ್ರಲ್ಲಿ ದುಡ್ಡು ವಾಪಸ್ ತಗೊಂಡಿದ್ರೆ ಏನಂತ ಕೇಳಿದ್ರಿ ಹೇಳಿ.