'ಲೆವೆಲ್ 2' ಎಂದು ಮಾರುವ ಎರಡು ಕಾರು

ತುಮಕೂರಿನ ಶೋರೂಮಿನಲ್ಲಿ ಎರಡು ಕಾರಿಗೂ 'ಲೆವೆಲ್ 2' ಅಂದರೆ, ಸ್ಟೀರಿಂಗ್ ಏನು ಮಾಡುತ್ತದೆ ಎಂದು ಕೇಳಿ. ಕಾರು ಎಷ್ಟರ ಮಟ್ಟಿಗೆ ತಾನೇ ಓಡುತ್ತದೆ ಎಂದು ಹೇಳಲು ವಾಹನ ಎಂಜಿನಿಯರುಗಳ ಸಂಘ ಎಸ್‌ಎಇ ಮಾಡಿದ ಅಳತೆಯಲ್ಲಿ 0ರಿಂದ 5ರವರೆಗೆ ಹಂತಗಳಿವೆ. ತುರ್ತಿನಲ್ಲಿ ತಾನೇ ಬ್ರೇಕ್ ಹಾಕುವುದು ಒಳ್ಳೆಯದೇ, ಆದರೆ ಅದು ಲೆವೆಲ್ 0.

ಮೊದಲ ಕಾರು ಮುಂದಿನ ವಾಹನ ನೋಡಿ ವೇಗ ಹೊಂದಿಸುತ್ತದೆ. ಸ್ಟೀರಿಂಗನ್ನು ಮಾತ್ರ ಗೆರೆ ಮುಟ್ಟುವ ಹೊತ್ತಿಗೆ ಒಮ್ಮೆ ತಳ್ಳಿ ಬಿಡುತ್ತದೆ. ಇದು ನಿಜಕ್ಕೆ ಲೆವೆಲ್ 1. ಎರಡನೆಯದು ವೇಗದ ಜೊತೆಗೇ ಸ್ಟೀರಿಂಗನ್ನೂ ಬಿಡದೆ ತಿರುಗಿಸುತ್ತಾ ಲೇನಿನ ನಡುವೆ ಓಡುತ್ತದೆ. ಲೆವೆಲ್ 2 ಅಂದರೆ ಇದು.

ಟೆಸ್ಟ್ ಡ್ರೈವನ್ನು ಶಿರಾ ಕಡೆಯ ಹೆದ್ದಾರಿಯಲ್ಲೇ ಕೇಳಿ. ಗೆರೆ ಚೆನ್ನಾಗಿರುವ ಕಡೆ ಕ್ರೂಸ್ ಹಾಕಿ, ಸ್ಟೀರಿಂಗ್ ಹಗುರವಾಗಿ ಹಿಡಿಯಿರಿ. ಸಣ್ಣ ತಿರುವಿನಲ್ಲಿ ಕಾರು ನಡುವೆಯೇ ಉಳಿಯುತ್ತದಾ, ಗೆರೆಯಿಂದ ಗೆರೆಗೆ ತೂರಾಡುತ್ತದಾ? ಕೈಗೆ ತಕ್ಷಣ ಗೊತ್ತಾಗುತ್ತದೆ.

ಗೆರೆ ಅಳಿಸಿದ್ದರೆ ಎರಡನೆಯದೂ ಸುಮ್ನೆ ಕೈಬಿಡಬಹುದು. ವೇಗದಲ್ಲಿರುವಾಗ ದಾರಿಯಲ್ಲಿ ನಿಂತ ಲಾರಿಯನ್ನು ಎರಡೂ ಗುರುತಿಸದೆ ಹೋಗಬಹುದು. ಹಾಗಾಗಿ ಕಣ್ಣು, ಕೈ, ಹೊಣೆ ಎಲ್ಲವೂ ಡ್ರೈವರ್‌ದೇ. ಕಾರೇ ರಸ್ತೆ ನೋಡಿಕೊಳ್ಳುವುದು ಲೆವೆಲ್ 3ರಿಂದ, ಅದೂ ನಿಗದಿತ ಪರಿಸ್ಥಿತಿಯಲ್ಲಿ ಮಾತ್ರ.

ಓಡಾಟ ಊರೊಳಗೇ ಜಾಸ್ತಿ ಇದ್ದರೆ ನನ್ನ ಮತ ಮೊದಲನೆಯದಕ್ಕೆ. ವಾರವಾರ ಹುಬ್ಬಳ್ಳಿಗೆ ಹೋಗುವವರಿಗೆ ಎರಡನೆಯದು ಸರಿ.